ಎಷ್ಟು ಬೇಕು, ಯಾವಾಗ ಬೇಕು: ಸಣ್ಣ ಜೋಡಣಾ ಘಟಕಕ್ಕೆ ಎಂಆರ್‌ಪಿ ಲೆಕ್ಕ, ಹಂತ ಹಂತವಾಗಿ

ಕಪಾಟುಗಳು ತುಂಬಿ ತುಳುಕುತ್ತಿರುತ್ತವೆ, ಆದರೆ ಇವತ್ತಿನ ಕೆಲಸಕ್ಕೆ ಬೇಕಾದ ನಾಲ್ಕು ಚಕ್ರ ಮಾತ್ರ ಇರುವುದಿಲ್ಲ. ಜೋಡಣೆಯ ಕೆಲಸ ಮಾಡುವ ಯಾರಿಗೂ ಈ ದೃಶ್ಯ ಹೊಸದಲ್ಲ. ಬಹಳಷ್ಟು ಕಡೆ ಇದಕ್ಕೆ ಕೊಡುವ ಮದ್ದು ಒಂದೇ: ಚಕ್ರದ ಕನಿಷ್ಠ ದಾಸ್ತಾನನ್ನು ಇನ್ನಷ್ಟು ಹೆಚ್ಚಿಸುವುದು. ಆದರೆ ಚಕ್ರಕ್ಕೆ ತನ್ನದೇ ಆದ ಬೇಡಿಕೆ ಎಂಬುದಿಲ್ಲ. ಗಾಡಿ ತಯಾರಾಗುವ ವಾರ ಚಕ್ರ ಬೇಕು, ತಯಾರಾಗದ ವಾರ ಒಂದೂ ಬೇಡ. ಹಾಗಾಗಿ ಚಕ್ರದ ಬೇಡಿಕೆಯನ್ನು ಊಹಿಸುವ ಅಗತ್ಯವಿಲ್ಲ, ಗಾಡಿಯ ಯೋಜನೆಯಿಂದ ಅದನ್ನು ಲೆಕ್ಕ ಹಾಕಿಯೇ ತೆಗೆಯಬಹುದು. 1960ರ ದಶಕದಲ್ಲಿ ಜೋಸೆಫ್ ಆರ್ಲಿಕಿ ಸ್ಪಷ್ಟವಾಗಿ ಮುಂದಿಟ್ಟ ಈ ವ್ಯತ್ಯಾಸದ ಮೇಲೆಯೇ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಅಂದರೆ ಎಂಆರ್‌ಪಿ, ನಿಂತಿದೆ. ಗ್ರಾಹಕರು ಕೇಳುವ ವಸ್ತುವಿನದು ಸ್ವತಂತ್ರ ಬೇಡಿಕೆ. ಅದರೊಳಗೆ ಸೇರುವ ಬಿಡಿಭಾಗದ್ದು ಅವಲಂಬಿತ ಬೇಡಿಕೆ.

ಲೆಕ್ಕದಲ್ಲಿ ಇರುವುದು ಕೂಡುವುದು, ಕಳೆಯುವುದು, ಗುಣಿಸುವುದು ಅಷ್ಟೇ. ಕಷ್ಟವಿರುವುದು ಯಾವುದನ್ನು ಮೊದಲು ಮಾಡಬೇಕು ಎಂಬಲ್ಲಿ. ಒಂದು ಸಣ್ಣ ಘಟಕದ ಎಂಟು ವಾರಗಳ ಯೋಜನೆಯನ್ನು ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಮಾಡೋಣ. ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್ ಸಾಕು.

ಹಂತ 1: ಬಿಡಿಭಾಗಗಳ ಪಟ್ಟಿಯನ್ನು ಮಟ್ಟಗಳಾಗಿ ಬರೆಯಿರಿ

ನಮ್ಮ ಘಟಕ ಜೋಡಿಸುವುದು ಎರಡು ಟ್ರೇಗಳ ತಳ್ಳುಗಾಡಿಯನ್ನು. ಇದರ ಬಿಲ್ ಆಫ್ ಮೆಟೀರಿಯಲ್ಸ್, ಅಂದರೆ ಬಿಒಎಂ, ಕೆಳಗಿದೆ. ಲೀಡ್ ಟೈಮ್ ಎಂದರೆ ಆರ್ಡರ್ ಕಳಿಸಿದ ಅಥವಾ ಕೆಲಸ ಶುರು ಮಾಡಿದ ಮೇಲೆ ಆ ಭಾಗ ಕೈಗೆ ಬರಲು ಹಿಡಿಯುವ ಸಮಯ:

| ಮಟ್ಟ | ಭಾಗ | ಮೇಲಿನ ಒಂದಕ್ಕೆ ಎಷ್ಟು | ಲೀಡ್ ಟೈಮ್ |
|---|---|---|---|
| 0 | ತಳ್ಳುಗಾಡಿ | – | 1 ವಾರ |
| 1 | ಬೆಸುಗೆ ಹಾಕಿದ ಫ್ರೇಮ್, ಚಕ್ರ ಸಮೇತ | ಗಾಡಿಗೆ 1 | 1 ವಾರ |
| 1 | ಟ್ರೇ | ಗಾಡಿಗೆ 2 | 2 ವಾರ |
| 1 | ಬೋಲ್ಟ್ | ಗಾಡಿಗೆ 8 | 1 ವಾರ |
| 2 | ಕ್ಯಾಸ್ಟರ್ ಚಕ್ರ | ಫ್ರೇಮ್‌ಗೆ 4 | 3 ವಾರ |
| 2 | ಬೋಲ್ಟ್ | ಫ್ರೇಮ್‌ಗೆ 16 | 1 ವಾರ |
| 2 | ಉಕ್ಕಿನ ಕೊಳವೆ | ಫ್ರೇಮ್‌ಗೆ 1 ಉದ್ದ | 1 ವಾರ |

ಫ್ರೇಮ್ ಮತ್ತು ಗಾಡಿ ನಮ್ಮಲ್ಲೇ ತಯಾರಾಗುತ್ತವೆ. ಉಳಿದದ್ದೆಲ್ಲ ಹೊರಗಿನಿಂದ ಬರುತ್ತದೆ.

ಈ ಪಟ್ಟಿಯಲ್ಲಿ ಎರಡು ಕಡೆ ನಿಂತು ನೋಡಬೇಕು. ಮೊದಲನೆಯದು ಕೊಳವೆ. ಒಂದು ಫ್ರೇಮ್‌ಗೆ 1.2 ಮೀಟರಿನ ಎರಡು ತುಂಡು, 0.8 ಮೀಟರಿನ ನಾಲ್ಕು ತುಂಡು ಬೇಕು. ಒಟ್ಟು 5.6 ಮೀಟರ್. ಕೊಳವೆ ಬರುವುದು 6 ಮೀಟರ್ ಉದ್ದದಲ್ಲಿ. ಪಟ್ಟಿಯಲ್ಲಿ ‘5.6 ಮೀಟರ್’ ಎಂದು ಬರೆದರೆ 80 ಫ್ರೇಮ್‌ಗೆ 448 ಮೀಟರ್, ಅಂದರೆ 75 ಕೊಳವೆ ಸಾಕು ಎನ್ನುತ್ತದೆ ಲೆಕ್ಕ. ನಿಜವಾಗಿ 80 ಬೇಕು. ಪ್ರತಿ ಕೊಳವೆಯಲ್ಲಿ ಉಳಿಯುವ 0.4 ಮೀಟರಿನಿಂದ ಯಾವ ತುಂಡೂ ಹುಟ್ಟುವುದಿಲ್ಲ. ತುಂಡುಗಳನ್ನು ಅದಲುಬದಲು ಮಾಡಿ ಕತ್ತರಿಸಿದರೂ ಗರಗಸದ ಬಾಯಿ ತಿನ್ನುವ ಒಂದೆರಡು ಮಿಲಿಮೀಟರ್ ಸೇರಿ, ಒಂದು ಕೊಳವೆಯಿಂದ 5.6 ಮೀಟರಿಗಿಂತ ಹೆಚ್ಚು ಹೊರಡುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ‘1 ಉದ್ದ’ ಎಂದೇ ಬರೆಯಬೇಕು. ನಕ್ಷೆ ಬರೆದವರ ಅಳತೆ ಬೇರೆ, ಕತ್ತರಿಸುವವರ ಅಳತೆ ಬೇರೆ. ಪಟ್ಟಿ ಎರಡನೆಯವರದ್ದಾಗಿರಬೇಕು.

ಎರಡನೆಯದು ಬೋಲ್ಟ್. ಅದು ಎರಡು ಮಟ್ಟಗಳಲ್ಲಿದೆ. ‘ಗಾಡಿಗೆ ಒಟ್ಟು 24 ಬೋಲ್ಟ್’ ಎಂದು ಒಂದೇ ಸಾಲಿನಲ್ಲಿ ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ನಾನೂ ಮೊದಲ ಪಟ್ಟಿಯನ್ನು ಹಾಗೆಯೇ ಬರೆದಿದ್ದೆ. ಸಂಖ್ಯೆ ಸರಿ, ಕಾಲ ತಪ್ಪು. 16 ಬೋಲ್ಟ್ ಫ್ರೇಮ್ ಶುರುವಾಗುವ ವಾರವೇ ಬೇಕು, ಉಳಿದ 8 ಅದರ ಮುಂದಿನ ವಾರ. ಮಟ್ಟಗಳನ್ನು ಅಳಿಸಿ ಚಪ್ಪಟೆ ಮಾಡಿದ ಪಟ್ಟಿಯಿಂದ ಬೆಲೆ ಲೆಕ್ಕ ಹಾಕಬಹುದು, ಯೋಜನೆ ಮಾಡಲು ಬರುವುದಿಲ್ಲ.

ಹಂತ 2: ಯಾವ ವಾರ ಎಷ್ಟು ಗಾಡಿ, ಕೈಯಲ್ಲಿ ಏನಿದೆ

ಇವತ್ತು 1ನೇ ವಾರದ ಆರಂಭ. ಗಾಡಿಗಳನ್ನು ಕೊಡಬೇಕಾದ ವೇಳಾಪಟ್ಟಿ ಹೀಗಿದೆ: 5ನೇ ವಾರ 30, 6ನೇ ವಾರ 10, 7ನೇ ವಾರ 40, 8ನೇ ವಾರ 20. ಒಟ್ಟು 100.

ದಾಸ್ತಾನಿನಲ್ಲಿ 15 ಗಾಡಿ, 5 ಫ್ರೇಮ್, 60 ಚಕ್ರ, 10 ಟ್ರೇ ಇವೆ. ಹಿಂದೆಯೇ ಆರ್ಡರ್ ಮಾಡಿದ 50 ಟ್ರೇ 2ನೇ ವಾರ ಬರಬೇಕಿದೆ.

ಒಂದು ಒಪ್ಪಂದ ಮಾಡಿಕೊಳ್ಳೋಣ. ‘ವಾರ’ ಎಂದಾಗಲೆಲ್ಲ ಆ ವಾರದ ಆರಂಭ ಎಂದರ್ಥ. 4ನೇ ವಾರ ಶುರು ಮಾಡಿದ, ಒಂದು ವಾರ ಹಿಡಿಯುವ ಕೆಲಸ 5ನೇ ವಾರದ ಆರಂಭಕ್ಕೆ ಕೈಗೆ ಬರುತ್ತದೆ. ಇದು ಸಣ್ಣ ವಿಷಯ ಎನಿಸಬಹುದು. ಆದರೆ ಒಬ್ಬರು ವಾರದ ಆರಂಭವನ್ನೂ ಇನ್ನೊಬ್ಬರು ಕೊನೆಯನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಪ್ರತಿ ಮಟ್ಟದಲ್ಲೂ ಒಂದು ವಾರ ಜಾರುತ್ತದೆ.

ಹಂತ 3: ಮೇಲಿನಿಂದ ಕೆಳಗೆ ಒಡೆಯಿರಿ, ಪ್ರತಿ ಮಟ್ಟದಲ್ಲೂ ಕಳೆಯಿರಿ

ಇದಕ್ಕೆ ಬಿಒಎಂ ಎಕ್ಸ್‌ಪ್ಲೋಷನ್ ಎನ್ನುತ್ತಾರೆ, ಪಟ್ಟಿಯನ್ನು ಒಡೆಯುವುದು. ಅವಸರದವರು ಮಾಡುವ ಲೆಕ್ಕ ಹೀಗಿರುತ್ತದೆ: 100 ಗಾಡಿಗೆ 400 ಚಕ್ರ ಬೇಕು, ಕೈಯಲ್ಲಿ 60 ಇದೆ, ಆದ್ದರಿಂದ 340 ತರಿಸೋಣ. ಇದರಲ್ಲಿ 80 ಚಕ್ರ ಹೆಚ್ಚಾಗಿ ಸೇರಿಕೊಂಡಿವೆ. ಅವು ಎಲ್ಲಿವೆ ಗೊತ್ತೇ? ತಯಾರಾಗಿ ನಿಂತಿರುವ 15 ಗಾಡಿಗಳ ಕಾಲಿನಲ್ಲಿ 60, ಐದು ಫ್ರೇಮ್‌ಗಳ ಕಾಲಿನಲ್ಲಿ 20. ಮೇಲಿನ ಮಟ್ಟದ ದಾಸ್ತಾನಿನೊಳಗೆ ಕೆಳಗಿನ ಮಟ್ಟದ ಬಿಡಿಭಾಗ ಅಡಗಿರುತ್ತದೆ. ಅದಕ್ಕಾಗಿಯೇ ಒಂದು ಮಟ್ಟದಲ್ಲಿ ದಾಸ್ತಾನನ್ನು ಕಳೆದು, ಉಳಿದ ನಿವ್ವಳ ಬೇಡಿಕೆಯನ್ನು ಮಾತ್ರ ಕೆಳಕ್ಕೆ ಇಳಿಸಬೇಕು.

ಗಾಡಿಯಿಂದ ಶುರು ಮಾಡೋಣ. 5ನೇ ವಾರದ 30ರಲ್ಲಿ 15 ಕೈಯಲ್ಲೇ ಇದೆ, ನಿವ್ವಳ 15. ಉಳಿದ ವಾರಗಳದ್ದು ಹಾಗೆಯೇ ಉಳಿಯುತ್ತದೆ. ಲೀಡ್ ಟೈಮ್ ಒಂದು ವಾರ, ಆದ್ದರಿಂದ ಪ್ರತಿಯೊಂದನ್ನೂ ಒಂದು ವಾರ ಹಿಂದಕ್ಕೆ ಸರಿಸಿದರೆ ಜೋಡಣೆ ಶುರುವಾಗುವ ವಾರ ಸಿಗುತ್ತದೆ. ಗಾಡಿಯ ಜೋಡಣೆ ಶುರುವಾಗುವ ವಾರವೇ ಫ್ರೇಮ್ ಬೇಕಾಗುವ ವಾರ. ಅಲ್ಲಿ 4ನೇ ವಾರದ 15ರಿಂದ ದಾಸ್ತಾನಿನ 5 ಕಳೆದು, ಮತ್ತೆ ಒಂದು ವಾರ ಹಿಂದಕ್ಕೆ ಸರಿಸಬೇಕು.

| ವಾರ | 3 | 4 | 5 | 6 | 7 | 8 |
|---|---|---|---|---|---|---|
| ಗಾಡಿ: ಒಟ್ಟು ಬೇಡಿಕೆ | | | 30 | 10 | 40 | 20 |
| ಗಾಡಿ: ನಿವ್ವಳ | | | 15 | 10 | 40 | 20 |
| ಗಾಡಿ: ಶುರು | | 15 | 10 | 40 | 20 | |
| ಫ್ರೇಮ್: ನಿವ್ವಳ | | 10 | 10 | 40 | 20 | |
| ಫ್ರೇಮ್: ಶುರು | 10 | 10 | 40 | 20 | | |

ಚಕ್ರಕ್ಕೆ ಬಂದರೆ ‘ಫ್ರೇಮ್: ಶುರು’ ಸಾಲನ್ನು ನಾಲ್ಕರಿಂದ ಗುಣಿಸುವುದು: 3ನೇ ವಾರ 40, 4ನೇ ವಾರ 40, 5ನೇ ವಾರ 160, 6ನೇ ವಾರ 80. ಕೈಯಲ್ಲಿರುವ 60 ಚಕ್ರಗಳಲ್ಲಿ 40 ಮೂರನೇ ವಾರಕ್ಕೆ ಹೋಗುತ್ತವೆ, 20 ನಾಲ್ಕನೇ ವಾರಕ್ಕೆ. ಹೊಸದಾಗಿ ಬೇಕಾಗುವುದು 4ನೇ ವಾರ 20, 5ನೇ ವಾರ 160, 6ನೇ ವಾರ 80. ಒಟ್ಟು 260. ಮೂರು ವಾರದ ಲೀಡ್ ಟೈಮ್ ಇರುವುದರಿಂದ ಮೊದಲ ಆರ್ಡರನ್ನು ಇವತ್ತೇ ಕಳಿಸಬೇಕು.

ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಭಾಗಕ್ಕೂ ಆರು ಸಾಲುಗಳ ಒಂದು ತುಂಡು ಸಾಕು. B ಕಂಬದಲ್ಲಿ ಆರಂಭದ ದಾಸ್ತಾನು, C ಕಂಬದಿಂದ 1ನೇ ವಾರ. 2ನೇ ಸಾಲು ಒಟ್ಟು ಬೇಡಿಕೆ, 3ನೇ ಸಾಲು ಹಿಂದೆಯೇ ಆರ್ಡರ್ ಆಗಿ ಬರಬೇಕಾದ ಮಾಲು, 4ನೇ ಸಾಲು ವಾರದ ಕೊನೆಯ ದಾಸ್ತಾನು, 5ನೇ ಸಾಲು ನಿವ್ವಳ ಬೇಡಿಕೆ, 6ನೇ ಸಾಲು ಹೊಸ ಆರ್ಡರಿನಿಂದ ಕೈಗೆ ಬರುವುದು, 7ನೇ ಸಾಲು ಆರ್ಡರ್ ಕಳಿಸುವುದು. ಚಕ್ರಕ್ಕೆ 1ನೇ ವಾರದ ಸೂತ್ರಗಳು:

```
C4: =B4+C3+C6-C2
C5: =MAX(0, C2-C3-B4)
C6: =C5
C7: =F6
```

ದಾಸ್ತಾನನ್ನು B4ರಲ್ಲಿ ಬರೆದು, ಸೂತ್ರಗಳನ್ನು ಬಲಕ್ಕೆ ಎಳೆದರಾಯಿತು. C7 ಮೂರು ಕಂಬ ಆಚೆಗೆ ನೋಡುತ್ತಿರುವುದು ಮೂರು ವಾರದ ಲೀಡ್ ಟೈಮ್‌ನಿಂದ. 6ನೇ ಸಾಲಿನಲ್ಲಿ ಈಗ ಇರುವುದು ‘ಬೇಕಾದಷ್ಟೇ’ ಎಂಬ ನಿಯಮ. ಲಾಟ್ ಗಾತ್ರ, ಅಂದರೆ ಒಂದು ಸಲಕ್ಕೆ ಎಷ್ಟು ತರಿಸಬೇಕು ಎಂಬುದು, ನಿರ್ಧಾರವಾದ ಮೇಲೆ ಆ ಸಾಲಿನಲ್ಲಿ ಸೂತ್ರವನ್ನು ಅಳಿಸಿ ಕೈಯಾರೆ ಸಂಖ್ಯೆ ತುಂಬಬಹುದು. ನನ್ನ ಮಟ್ಟಿಗೆ ಅದೇ ಒಳ್ಳೆಯದು, ಯಾಕೆಂದರೆ ಅಲ್ಲಿ ತೀರ್ಮಾನ ಮಾಡಬೇಕಾದವರು ಮನುಷ್ಯರು.

ಟ್ರೇಗಳದ್ದು ಸುಲಭ. ಬೇಡಿಕೆ 4ನೇ ವಾರ 30, 5ನೇ ವಾರ 20, 6ನೇ ವಾರ 80, 7ನೇ ವಾರ 40. ಕೈಯಲ್ಲಿರುವ 10, ಬರಲಿರುವ 50 ಸೇರಿದರೆ 5ನೇ ವಾರದ ತನಕ ಸಾಕಾಗಿ 10 ಉಳಿಯುತ್ತದೆ. 6ನೇ ವಾರಕ್ಕೆ 70, 7ನೇ ವಾರಕ್ಕೆ 40 ಹೊಸದಾಗಿ ಬೇಕು. ಇಲ್ಲಿ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತಿದೆ: 2ನೇ ವಾರ ಬರುವ 50 ಟ್ರೇಗಳಿಗೆ 4ನೇ ವಾರದವರೆಗೆ ಕೆಲಸವಿಲ್ಲ. ಪೂರೈಕೆದಾರರಿಗೆ ಫೋನ್ ಮಾಡಿ ಎರಡು ವಾರ ತಡವಾಗಿ ಕಳಿಸಲು ಹೇಳಬಹುದು. ಬೇಗ ಕಳಿಸಿ ಎಂದು ಗೋಗರೆಯುವ ಕರೆಗಳನ್ನಷ್ಟೇ ಕೇಳಿದವರಿಗೆ ಇಂಥ ಕರೆ ಬಂದರೆ, ಮುಂದೆ ನೀವು ‘ಬೇಗ’ ಎಂದಾಗ ಅವರು ನಂಬುತ್ತಾರೆ.

ಬೋಲ್ಟ್ ವಿಷಯದಲ್ಲಿ ಕಾಯುವುದೊಂದು ನಿಯಮ. ಒಂದು ಭಾಗ ಹಲವು ಮಟ್ಟಗಳಲ್ಲಿದ್ದರೆ, ಅದು ಕಾಣಿಸಿಕೊಳ್ಳುವ ಅತ್ಯಂತ ಕೆಳಗಿನ ಮಟ್ಟಕ್ಕೆ ತಲುಪುವ ತನಕ ಅದರ ದಾಸ್ತಾನನ್ನು ಮುಟ್ಟಬಾರದು. 1ನೇ ಮಟ್ಟದಲ್ಲೇ ಬೋಲ್ಟ್ ಲೆಕ್ಕ ಮುಗಿಸಿದರೆ, ಡಬ್ಬಿಯಲ್ಲಿರುವ ಬೋಲ್ಟುಗಳೆಲ್ಲ 4ನೇ ವಾರದ ಗಾಡಿಗೆ ಹಂಚಿಹೋಗುತ್ತವೆ. ಆಮೇಲೆ 3ನೇ ವಾರದ ಫ್ರೇಮ್ ಬಂದು ಕೇಳಿದಾಗ ಕೊರತೆ ಎಂದು ಕಾಣುತ್ತದೆ. ಎಲ್ಲ ಬೇಡಿಕೆಯನ್ನೂ ವಾರವಾರು ಕೂಡಿಸಿ (ಉದಾಹರಣೆಗೆ 4ನೇ ವಾರ ಗಾಡಿಗೆ 120, ಫ್ರೇಮ್‌ಗೆ 160, ಒಟ್ಟು 280) ಆಮೇಲೆ ಕಳೆಯಬೇಕು. ನಿಯಮ ತಿಳಿದಿರಲಿ ಎಂದು ಹೇಳಿದೆ. ನಿಜವಾಗಿ ಬೋಲ್ಟನ್ನು ಈ ಲೆಕ್ಕಕ್ಕೆ ತರಲೇಬೇಡಿ. ಎರಡು ಡಬ್ಬಿ ಇಡಿ. ಒಂದು ಖಾಲಿಯಾದ ದಿನ ಅದನ್ನು ತುಂಬಲು ಆರ್ಡರ್ ಮಾಡಿ, ಎರಡನೆಯದರಿಂದ ಕೆಲಸ ನಡೆಸಿ. ಬೋಲ್ಟ್ ಎಣಿಸುವವರ ಸಮಯ ಬೋಲ್ಟಿಗಿಂತ ದುಬಾರಿ.

ಹಂತ 4: ಆರ್ಡರ್ ಗಾತ್ರಕ್ಕೆ ಮುನ್ನ ಬೆಂಚನ್ನು ನೋಡಿ

ಈಗ 260 ಚಕ್ರಗಳನ್ನು ಎಷ್ಟು ಕಂತಿನಲ್ಲಿ ತರಿಸುವುದು ಎಂಬ ಪ್ರಶ್ನೆಗೆ ಕೈ ಹಾಕುವ ಮನಸ್ಸಾಗುತ್ತದೆ. ಸ್ವಲ್ಪ ತಡೆಯಿರಿ. ಮೇಲಿನ ಕೋಷ್ಟಕದಲ್ಲಿ 5ನೇ ವಾರ 40 ಫ್ರೇಮ್ ಶುರು ಮಾಡಬೇಕೆಂದಿದೆ. ಎಂಆರ್‌ಪಿ ಲೆಕ್ಕಕ್ಕೆ ಬೆಸುಗೆಯ ಬೆಂಚು ಎಷ್ಟು ದೊಡ್ಡದು ಎಂಬುದು ಗೊತ್ತಿಲ್ಲ, ಅದರ ದೃಷ್ಟಿಯಲ್ಲಿ ಬೆಂಚಿಗೆ ಮಿತಿಯೇ ಇಲ್ಲ. ನಮ್ಮ ಬೆಂಚಿನಿಂದ ವಾರಕ್ಕೆ 25 ಫ್ರೇಮ್ ಮಾತ್ರ ಹೊರಬರುತ್ತದೆ ಎಂದಿಟ್ಟುಕೊಳ್ಳಿ.

ಹಾಗಾದರೆ 5ನೇ ವಾರದ 15 ಫ್ರೇಮ್ 4ನೇ ವಾರಕ್ಕೆ ಸರಿಯಬೇಕು. ಫ್ರೇಮ್ ಶುರುವಾಗುವ ಸಾಲು ಈಗ 10, 25, 25, 20. ಅದರೊಂದಿಗೆ ಚಕ್ರದ ಬೇಡಿಕೆಯೂ ಬದಲಾಗುತ್ತದೆ: 40, 100, 100, 80. ದಾಸ್ತಾನಿನ 60 ಕಳೆದರೆ ನಿವ್ವಳ 4ನೇ ವಾರ 80, 5ನೇ ವಾರ 100, 6ನೇ ವಾರ 80. ಒಟ್ಟು ಅದೇ 260, ಆದರೆ ವಾರಗಳ ಹಂಚಿಕೆ ಬೇರೆ. ಇದರಿಂದ ಏನು ವ್ಯತ್ಯಾಸ ಎಂಬುದನ್ನು ಮುಂದಿನ ಹಂತ ತೋರಿಸುತ್ತದೆ. ಮೊದಲ ಯೋಜನೆಯನ್ನೇ ನಂಬಿ 4ನೇ ವಾರಕ್ಕೆ 20 ಚಕ್ರ ಮಾತ್ರ ತರಿಸಿದ್ದರೆ, ಬೆಂಚು ಖಾಲಿ ಇದ್ದ ವಾರ ಚಕ್ರ ಇರುತ್ತಿರಲಿಲ್ಲ, ಚಕ್ರ ಬಂದ ವಾರ ಬೆಂಚು ಸಾಲುತ್ತಿರಲಿಲ್ಲ.

ಹಂತ 5: ಲಾಟ್ ಗಾತ್ರ

ಒಂದು ಆರ್ಡರ್ ಕಳಿಸಿದರೆ ಸಾಗಣೆ, ಇಳಿಸುವುದು, ಪರೀಕ್ಷಿಸುವುದು, ಕಾಗದಪತ್ರ ಎಂದು ಒಂದಿಷ್ಟು ಖರ್ಚು ಆಗೇ ಆಗುತ್ತದೆ, 20 ತರಿಸಿದರೂ 260 ತರಿಸಿದರೂ. ಬೇಗ ತರಿಸಿಟ್ಟರೆ ಹಣ ಕಟ್ಟಿಹಾಕಿಕೊಳ್ಳುತ್ತದೆ, ಜಾಗ ತುಂಬುತ್ತದೆ. ಎರಡನ್ನೂ ಒಂದೇ ಅಳತೆಗೆ ತರಲು ಸುಲಭ ಉಪಾಯವೆಂದರೆ ಭಾಗಿಸುವುದು. ಒಂದು ಆರ್ಡರಿನ ಖರ್ಚನ್ನು, ಒಂದು ಚಕ್ರವನ್ನು ಒಂದು ವಾರ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ. ನಮ್ಮ ಘಟಕದಲ್ಲಿ ಉತ್ತರ 200 ಬಂತು ಎನ್ನೋಣ. ಅಂದರೆ ಒಂದು ಆರ್ಡರಿನ ತಾಪತ್ರಯವೂ 200 ಚಕ್ರಗಳನ್ನು ಒಂದು ವಾರ ಕಾಯುವುದೂ ಸಮ. ಇನ್ನು ಎಲ್ಲವನ್ನೂ ‘ಚಕ್ರ-ವಾರ’ದಲ್ಲೇ ಎಣಿಸಬಹುದು.

ಮೂರು ವಾರದ ಬೇಡಿಕೆಯನ್ನು ಕಂತು ಮಾಡಲು ಇರುವುದು ನಾಲ್ಕೇ ದಾರಿ. ಮೊದಲು ಬೆಂಚನ್ನು ನೋಡದ ಹಳೆಯ ಹಂಚಿಕೆ (20, 160, 80), ಪಕ್ಕದಲ್ಲಿ ಬೆಂಚನ್ನು ನೋಡಿದ ಹೊಸ ಹಂಚಿಕೆ (80, 100, 80):

| ಕಂತು | ಹಳೆಯ ಹಂಚಿಕೆ | ಹೊಸ ಹಂಚಿಕೆ |
|---|---|---|
| ವಾರಕ್ಕೊಂದರಂತೆ ಮೂರು | 600 | 600 |
| 4 ಮತ್ತು 5 ಒಟ್ಟಿಗೆ, 6 ಬೇರೆ | 560 | 500 |
| 4 ಬೇರೆ, 5 ಮತ್ತು 6 ಒಟ್ಟಿಗೆ | 480 | 480 |
| ಎಲ್ಲ ಒಂದೇ ಸಲ | 520 | 460 |

ಒಂದು ಮನೆಯನ್ನು ಬಿಡಿಸಿ ನೋಡೋಣ. ಹೊಸ ಹಂಚಿಕೆಯಲ್ಲಿ ಎಲ್ಲವನ್ನೂ 4ನೇ ವಾರಕ್ಕೆ ತರಿಸಿದರೆ ಆರ್ಡರ್ ಒಂದು, 200. ಐದನೇ ವಾರದ 100 ಚಕ್ರ ಒಂದು ವಾರ ಕಾಯುತ್ತವೆ, 100. ಆರನೇ ವಾರದ 80 ಚಕ್ರ ಎರಡು ವಾರ ಕಾಯುತ್ತವೆ, 160. ಒಟ್ಟು 460.

ಹಳೆಯ ಹಂಚಿಕೆಗೆ ಉತ್ತಮವಾದದ್ದು ‘20 ಒಮ್ಮೆ, 240 ಒಮ್ಮೆ’. ಬೆಂಚನ್ನು ನೋಡಿದ ಮೇಲೆ ಉತ್ತಮವಾದದ್ದು ‘260 ಒಂದೇ ಸಲ’. ಮೇಲಿನ ಮಟ್ಟದಲ್ಲಿ 15 ಫ್ರೇಮ್ ಒಂದು ವಾರ ಸರಿದದ್ದಕ್ಕೆ ಕೆಳಗಿನ ಖರೀದಿಯ ತೀರ್ಮಾನವೇ ಬದಲಾಯಿತು. ಹಂತಗಳ ಕ್ರಮದ ಬಗ್ಗೆ ನಾನು ಇಷ್ಟು ಹಟ ಮಾಡುವುದು ಇದಕ್ಕಾಗಿ.

ಎಲ್ಲ ದಾರಿಗಳನ್ನೂ ಹೋಲಿಸಿ ಕನಿಷ್ಠವನ್ನು ಜಾಣತನದಿಂದ ಹುಡುಕುವ ವಿಧಾನವನ್ನು ವ್ಯಾಗ್ನರ್ ಮತ್ತು ವಿಟಿನ್ 1958ರಲ್ಲಿ ಕೊಟ್ಟರು. ಅದಕ್ಕೆ ಹೆಚ್ಚು ಲೆಕ್ಕ ಬೇಕೆಂದು ಕೈಗೆಟಕುವ ಸುಲಭ ನಿಯಮಗಳೂ ಹುಟ್ಟಿಕೊಂಡವು. ಅವುಗಳಲ್ಲಿ ಒಂದು ಹೀಗೆ ಹೇಳುತ್ತದೆ: ಕಾಯುವ ಖರ್ಚು ಆರ್ಡರಿನ ಖರ್ಚಿಗೆ ಹತ್ತಿರ ಬರುವ ತನಕ ಮುಂದಿನ ವಾರಗಳನ್ನು ಸೇರಿಸುತ್ತ ಹೋಗು. ಇದು ಪಾರ್ಟ್ ಪೀರಿಯಡ್ ಬ್ಯಾಲೆನ್ಸಿಂಗ್. ಹಳೆಯ ಹಂಚಿಕೆಗೆ ಹಚ್ಚಿ ನೋಡಿ. 20ಕ್ಕೆ 160 ಸೇರಿಸಿದರೆ ಕಾಯುವ ಖರ್ಚು 160, ಮುಂದಿನ 80 ಕೂಡ ಸೇರಿಸಿದರೆ 320. 200ಕ್ಕೆ ಹತ್ತಿರ ಇರುವುದು 160, ಆದ್ದರಿಂದ 180 ಒಮ್ಮೆ, 80 ಒಮ್ಮೆ. ಖರ್ಚು 560, ಉತ್ತಮ ದಾರಿಗಿಂತ 80 ಹೆಚ್ಚು. ತಪ್ಪಿದ್ದು ಎಲ್ಲಿ? ಸಣ್ಣ 20ರ ಜೊತೆಗಾಗಿ ದೊಡ್ಡ 160ನ್ನು ಒಂದು ವಾರ ಮುಂಚೆ ಎಳೆದು ತಂದದ್ದರಲ್ಲಿ. ಮೊದಲ ವಾರದಿಂದ ಮುಂದಕ್ಕಷ್ಟೇ ನೋಡುವ ನಿಯಮಕ್ಕೆ, ದೊಡ್ಡ ಬೇಡಿಕೆಯ ವಾರದಲ್ಲೇ ಕಂತು ಶುರುವಾಗುವುದು ಒಳ್ಳೆಯದು ಎಂಬುದು ಹೊಳೆಯುವುದಿಲ್ಲ. ನಾಲ್ಕೈದು ಬೇಡಿಕೆಗಳಷ್ಟೇ ಇರುವ ಸಣ್ಣ ಘಟಕದವರು ನಿಯಮಕ್ಕೆ ಮೊರೆ ಹೋಗಬೇಕಾಗಿಲ್ಲ, ಎಲ್ಲ ದಾರಿಗಳನ್ನೂ ಬರೆದೇ ನೋಡಬಹುದು. ನಾಲ್ಕು ವಾರವಾದರೆ ಎಂಟು ದಾರಿ.

ಇನ್ನು ಒಂದು ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಕಡಿಮೆ ಎಂದು ಹೇಳುವ, ಎಲ್ಲರಿಗೂ ಪರಿಚಿತವಾದ ಇಒಕ್ಯೂ ಸೂತ್ರ. ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಈ ಸೂತ್ರ ಬೇಡಿಕೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುತ್ತದೆ ಎಂದು ಭಾವಿಸುತ್ತದೆ. ಎಂಟು ವಾರಕ್ಕೆ 260 ಅಂದರೆ ವಾರಕ್ಕೆ ಸರಾಸರಿ 32.5. ಎರಡು, 32.5, 200, ಈ ಮೂರರ ಗುಣಲಬ್ಧ 13,000. ಅದರ ವರ್ಗಮೂಲ ಸುಮಾರು 114, ಪೆಟ್ಟಿಗೆ ಲೆಕ್ಕಕ್ಕೆ 120 ಎನ್ನೋಣ. ಹಳೆಯ ಹಂಚಿಕೆಯಲ್ಲಿ 4ನೇ ವಾರ 120 ಬಂದು 100 ಉಳಿಯುತ್ತದೆ. 5ನೇ ವಾರ 60 ಕೊರತೆ, ಇನ್ನೊಂದು 120 ಬಂದು 60 ಉಳಿಯುತ್ತದೆ. 6ನೇ ವಾರ 20 ಕೊರತೆ, ಮತ್ತೊಂದು 120 ಬಂದು 100 ಉಳಿಯುತ್ತದೆ. ಮೂರು ಆರ್ಡರ್, ನಡುವೆ ಉಳಿದದ್ದರ ಕಾವಲು, ಎಲ್ಲ ಸೇರಿ 760. ಕೊನೆಗೆ ಯಾರಿಗೂ ಬೇಡವಾದ 100 ಚಕ್ರ. ಬೇಡಿಕೆಗೆ ಹೊಂದದ ಲಾಟ್ ಪ್ರತಿ ಸಲವೂ ಸ್ವಲ್ಪ ಸಾಲದ, ಸ್ವಲ್ಪ ಮಿಗುವ ತುಣುಕುಗಳನ್ನು ಬಿಟ್ಟುಹೋಗುತ್ತದೆ. ಸ್ಥಿರ ಬೇಡಿಕೆಯ ವಸ್ತುವಿಗೆ ಈ ಸೂತ್ರ ಚೆನ್ನಾಗಿದೆ, ಅಲೆಅಲೆಯಾಗಿ ಬರುವ ಅವಲಂಬಿತ ಬೇಡಿಕೆಗೆ ಅಲ್ಲ.

ಒಂದು ಎಚ್ಚರಿಕೆ: 460 ಮತ್ತು 480ರ ನಡುವಿನ ಅಂತರಕ್ಕಾಗಿ ಜಗಳವಾಡಬೇಡಿ. ಆ 200 ಎಂಬ ಸಂಖ್ಯೆಯೇ ಅಂದಾಜು. ಜಾಗ ಇಕ್ಕಟ್ಟಾಗಿದ್ದರೆ ‘80 ಒಮ್ಮೆ, 180 ಒಮ್ಮೆ’ ಆರಿಸಿಕೊಂಡರೂ ಕೆಡುಕೇನಿಲ್ಲ. 560ಕ್ಕೋ 760ಕ್ಕೋ ಹೋಗದಿದ್ದರಾಯಿತು. ಹಾಗೆಯೇ, ಲಾಟ್ ಕಟ್ಟುವ ಉತ್ಸಾಹವನ್ನು ಕೆಳಗಿನ ಮಟ್ಟದ ಖರೀದಿಗೆ ಮೀಸಲಿಡಿ. ಗಾಡಿಯನ್ನೋ ಫ್ರೇಮನ್ನೋ ದೊಡ್ಡ ಲಾಟಿನಲ್ಲಿ ಮಾಡಿದರೆ ಅದರ ಕೆಳಗಿನ ಎಲ್ಲ ಭಾಗಗಳ ಬೇಡಿಕೆಯೂ ಇನ್ನಷ್ಟು ಗುಡ್ಡೆಯಾಗುತ್ತದೆ.

ಲೆಕ್ಕ ಸರಿ ಇದ್ದೂ ಕೆಡುವುದು ಹೇಗೆ

ಹೆಚ್ಚಾಗಿ ಕೆಡುವುದು ದಾಸ್ತಾನಿನ ಎಣಿಕೆಯಲ್ಲಿ, ಅದರಲ್ಲೂ ಒಂದು ವಿಚಿತ್ರ ರೀತಿಯಲ್ಲಿ. 3ನೇ ವಾರ ಬಂತು ಎನ್ನಿ. 10 ಫ್ರೇಮ್‌ನ ಕೆಲಸದ ಚೀಟಿ ಬೆಂಚಿಗೆ ಹೋಯಿತು. ಆ ಫ್ರೇಮ್‌ಗಳು ಈಗ ‘ಯೋಜನೆ’ಯಲ್ಲಿಲ್ಲ, ‘ಬರಬೇಕಾದದ್ದು’ ಎಂಬ ಸಾಲಿಗೆ ಸೇರಿವೆ. ಹಾಗಾಗಿ ಅವುಗಳ 40 ಚಕ್ರದ ಬೇಡಿಕೆ ಚಕ್ರದ ಹಾಳೆಯಿಂದ ಮಾಯವಾಗುತ್ತದೆ. ಆದರೆ ಬೆಸುಗೆಯವರು ಚಕ್ರಗಳನ್ನು ಇನ್ನೂ ಕಪಾಟಿನಿಂದ ತೆಗೆದಿಲ್ಲ, ದಾಸ್ತಾನು 60 ಎಂದೇ ತೋರಿಸುತ್ತದೆ. ಅದೇ ದಿನ ಲೆಕ್ಕ ಮತ್ತೆ ಮಾಡಿದರೆ 60 ಚಕ್ರವೂ 4ನೇ ವಾರಕ್ಕೆ ಸಿಗುತ್ತವೆ ಎಂದು ಕಾಣುತ್ತದೆ, ಇರುವುದು ಮಾತ್ರ 20. ಇದಕ್ಕೆ ಪರಿಹಾರ, ಚೀಟಿ ಹೋದ ಕ್ಷಣವೇ 40ನ್ನು ‘ಮೀಸಲು’ ಎಂದು ಬರೆದು, ದಾಸ್ತಾನಿನಿಂದ ಕಳೆದ ಸಂಖ್ಯೆಯನ್ನೇ B4ರಲ್ಲಿ ಇಡುವುದು. ಲೆಕ್ಕದ ಪ್ರಕಾರ ಮಾಲು ಸಾಕಷ್ಟಿದ್ದು, ಕೆಲಸ ಶುರುವಾದ ಮರುವಾರವೇ ಕೊರತೆ ಹುಟ್ಟುತ್ತಿದ್ದರೆ, ಕಳವು ಎಂದು ಯಾರನ್ನೂ ಶಂಕಿಸುವ ಮೊದಲು ಈ ಮೀಸಲಿನ ಸಾಲನ್ನು ನೋಡಿ.

ಎಣಿಕೆಯನ್ನು ಯಾವಾಗ ಮಾಡಬೇಕು? ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವುದಕ್ಕಿಂತ, ಒಂದು ಭಾಗಕ್ಕೆ ಹೊಸ ಆರ್ಡರ್ ಕಳಿಸುವ ದಿನ ಅದೊಂದನ್ನೇ ಎಣಿಸುವುದು ಉತ್ತಮ. ಆಗ ಸಾಮಾನ್ಯವಾಗಿ ಕಪಾಟಿನಲ್ಲಿ ಕಡಿಮೆ ಇರುತ್ತದೆ, ತಪ್ಪು ಸಿಕ್ಕರೆ ಆರ್ಡರಿನಲ್ಲೇ ಸರಿಪಡಿಸಲೂ ಬರುತ್ತದೆ.

ತುರ್ತು ಬೇಡಿಕೆ ಬಂದಾಗ

ಒಂದು ಗಾಡಿಯ ಹಿಂದೆ ಅತಿ ಉದ್ದದ ದಾರಿ ಯಾವುದು ನೋಡಿ: ಚಕ್ರಕ್ಕೆ 3 ವಾರ, ಫ್ರೇಮ್‌ಗೆ 1, ಜೋಡಣೆಗೆ 1. ಒಟ್ಟು 5 ವಾರ. ಇದಕ್ಕಿಂತ ಹತ್ತಿರದ ಬೇಡಿಕೆಯನ್ನು ಪೂರೈಸುವುದು ದಾಸ್ತಾನು ಇದ್ದರೆ ಮಾತ್ರ. ಇವತ್ತೇ ಒಬ್ಬ ಗ್ರಾಹಕರು ಬಂದು 5ನೇ ವಾರಕ್ಕೆ ಇನ್ನೂ 10 ಗಾಡಿ ಕೇಳಿದರು ಎನ್ನೋಣ. ಒಡೆದು ನೋಡಿದರೆ 3ನೇ ವಾರಕ್ಕೆ 80 ಚಕ್ರ ಬೇಕು, ಇರುವುದು 60. ಕೊರತೆಯ 20ಕ್ಕೆ ಹೋದ ವಾರವೇ ಆರ್ಡರ್ ಕಳಿಸಬೇಕಿತ್ತು ಎನ್ನುತ್ತದೆ ಹಾಳೆ. ಹೋದ ವಾರಕ್ಕೆ ಆರ್ಡರ್ ಕಳಿಸುವುದು ಯಾರಿಗೂ ಸಾಧ್ಯವಿಲ್ಲ. ‘ನೋಡೋಣ, ಹೇಗಾದರೂ ಮಾಡೋಣ’ ಎಂಬ ಮಾತು ಹುಟ್ಟುವುದು ಇಲ್ಲೇ.

ಅದರ ಬದಲು ಕೆಳಗಿನಿಂದ ಮೇಲಕ್ಕೆ ಬನ್ನಿ. 60 ಚಕ್ರದಿಂದ 15 ಫ್ರೇಮ್. ಕೈಯಲ್ಲಿರುವ 5 ಸೇರಿ 20 ಗಾಡಿ. ತಯಾರಾದ 15 ಸೇರಿ 35. ಕೇಳಿದ 40ರಲ್ಲಿ ಐದು ಕಡಿಮೆ. ಇವತ್ತು ಆರ್ಡರ್ ಮಾಡಿದ ಚಕ್ರ 4ನೇ ವಾರ ಬರುತ್ತದೆ, ಆ ಐದು ಫ್ರೇಮ್ 5ನೇ ವಾರಕ್ಕೆ, ಗಾಡಿ 6ನೇ ವಾರಕ್ಕೆ ಎಂದು ಹೇಳಿಬಿಡಬಹುದೇ? ಬೆಂಚನ್ನು ಮತ್ತೆ ನೋಡಿ. 4 ಮತ್ತು 5ನೇ ವಾರ ಅದು ಆಗಲೇ 25ಕ್ಕೆ ಭರ್ತಿಯಾಗಿದೆ, ಐದು ಫ್ರೇಮ್‌ನ ಜಾಗ ಸಿಗುವುದು 6ನೇ ವಾರದಲ್ಲಿ ಮಾತ್ರ. ಹೊಸ ಗ್ರಾಹಕರಿಗೆ ಆ ಐದನ್ನು 6ನೇ ವಾರ ಕೊಟ್ಟರೆ, 7ನೇ ವಾರ 40 ಗಾಡಿಗೆ ಕಾಯುತ್ತಿರುವ ಗ್ರಾಹಕರಿಗೆ 35 ಮಾತ್ರ ಸಿಗುತ್ತದೆ. ಹಾಗಾಗಿ ಹೊಸಬರಿಗೆ ಇವತ್ತೇ ಹೇಳಬಹುದಾದ ಉತ್ತರ ಇದು: ಐದು ಗಾಡಿ 5ನೇ ವಾರ, ಉಳಿದ ಐದು 8ನೇ ವಾರ.